ಆಯೋಗ, ತಜ್ಞರ ಸಮಿತಿ ಮತ್ತು ಕೊಡಗಿನ 55 ಗ್ರಾಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಬಿದ್ದಾಗಲೆಲ್ಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಗ್ರಾಮಸಭೆಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಏಳುತ್ತವೆ. ಸಮಿತಿ ಎಂದರೇನು, ಅದು ಹೇಳಿದ್ದೆಲ್ಲ ಕಾನೂನಾಗುತ್ತದೆಯೇ, ಇಷ್ಟು ವರ್ಷವಾದರೂ ಇತ್ಯರ್ಥ ಏಕಿಲ್ಲ ಎಂಬಂಥವು. ಅವುಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ವಿಚಾರಣಾ ಆಯೋಗ ಮತ್ತು ತಜ್ಞರ ಸಮಿತಿ ಎರಡೂ ಒಂದೇ ಅಲ್ಲವೇ?

ಅಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನೇಮಕವಾದ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿರುತ್ತವೆ. ಅದು ಸಾಕ್ಷಿಗೆ ಸಮನ್ಸ್ ಕಳುಹಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು, ಕಚೇರಿಯಿಂದ ಕಡತ ತರಿಸಿಕೊಳ್ಳಬಹುದು. ಯಾರದಾದರೂ ಹೆಸರಿಗೆ ಧಕ್ಕೆ ತರುವ ಮಾತು ವರದಿಯಲ್ಲಿ ಬರುವಂತಿದ್ದರೆ ಮೊದಲು ಅವರಿಗೆ ನೋಟಿಸ್ ಕೊಟ್ಟು, ವಕೀಲರ ಮೂಲಕ ಪಾಟೀಸವಾಲು ಮಾಡಲು ಅವಕಾಶ ಕೊಡಬೇಕು. ಆಯೋಗಗಳು ಎಳೆದಾಡುವುದಕ್ಕೆ ದೊಡ್ಡ ಕಾರಣ ಈ ಹಂತವೇ. ಆದರೆ ಇದನ್ನು ಬಿಟ್ಟರೆ ವರದಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ತಜ್ಞರ ಸಮಿತಿ ಹುಟ್ಟುವುದು ಇಲಾಖೆಯ ಒಂದು ಆದೇಶದಿಂದ. ಅದು ಯಾರನ್ನೂ ಕಟಕಟೆಗೆ ಕರೆಯುವಂತಿಲ್ಲ. ಅಂಕಿಅಂಶ, ನಕ್ಷೆ, ಸ್ಥಳಭೇಟಿ, ಸಮಾಲೋಚನೆ ಇಷ್ಟೇ ಅದರ ಸಾಧನ. ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ನೇಮಿಸಿದ ಗಾಡ್ಗೀಳ್ ಸಮಿತಿ, ಕಸ್ತೂರಿರಂಗನ್ ಸಮಿತಿ ಎರಡೂ ಈ ಜಾತಿಯವು.

ಎರಡರಲ್ಲೂ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆಯೋಗದ ವರದಿಯಾದರೆ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರದೊಡನೆ ಶಾಸನಸಭೆಯ ಮುಂದೆ ಮಂಡನೆಯಾಗಬೇಕೆಂದು ಕಾಯ್ದೆಯ 3(4)ನೇ ಕಲಂ ಹೇಳುತ್ತದೆ. ತಜ್ಞರ ಸಮಿತಿಯ ವರದಿಗೆ ಅಂಥ ಯಾವ ಗಡುವೂ ಇಲ್ಲ. ಕೊಡಗಿನ ಕಥೆಯಲ್ಲಿ ಈ ವ್ಯತ್ಯಾಸವೇ ಮುಂದೆ ದುಬಾರಿಯಾಯಿತು.

ಆಯೋಗ ರಚನೆಯಾದರೆ ಪೊಲೀಸ್ ತನಿಖೆ ನಿಲ್ಲುತ್ತದೆಯೇ?

ಇಲ್ಲ. ಆಯೋಗದ ಮುಂದೆ ಕೊಟ್ಟ ಹೇಳಿಕೆಯನ್ನು ಆ ವ್ಯಕ್ತಿಯ ವಿರುದ್ಧ ಬೇರೆ ಮೊಕದ್ದಮೆಯಲ್ಲಿ ಬಳಸುವಂತಿಲ್ಲ, ಸುಳ್ಳುಸಾಕ್ಷಿಯ ಮೊಕದ್ದಮೆ ಮಾತ್ರ ಇದಕ್ಕೆ ಹೊರತು. ಹಾಗಾಗಿ ಆಯೋಗದಿಂದ ಶಿಕ್ಷೆ ಆಗುವುದಿಲ್ಲ. 2016ರಲ್ಲಿ ಮಡಿಕೇರಿಯಲ್ಲಿ ಡಿವೈಎಸ್ಪಿ ಎಂ.ಕೆ. ಗಣಪತಿ ಅವರ ಸಾವಿನ ಬಳಿಕ ರಾಜ್ಯ ಸರ್ಕಾರ ನಿವೃತ್ತ ನ್ಯಾಯಮೂರ್ತಿಯೊಬ್ಬರ ಆಯೋಗ ರಚಿಸಿತು. ಆದರೂ 2017ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಸಿಬಿಐಗೆ ವಹಿಸಿತು. ಎರಡೂ ಬೇರೆ ದಾರಿ.

ಪಶ್ಚಿಮ ಘಟ್ಟಕ್ಕೆ ಒಂದರ ಮೇಲೊಂದು ಸಮಿತಿ ಏಕೆ ಬೇಕಾಯಿತು?

ಕೇಂದ್ರ ಪರಿಸರ ಸಚಿವಾಲಯ 2010ರ ಮಾರ್ಚ್ 4ರಂದು ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿಯನ್ನು ರಚಿಸಿತು. ಅದು 2011ರ ಆಗಸ್ಟ್ 31ಕ್ಕೆ ವರದಿ ಕೊಟ್ಟಿತು. ಇಡೀ ಘಟ್ಟವನ್ನು ಮೂರು ಮಟ್ಟದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಯಾವ ವಲಯದಲ್ಲಿ ಏನಿರಬೇಕು, ಏನಿರಬಾರದು ಎಂದು ಸೂಚಿಸಿ, ಅಂತಿಮ ಗಡಿಯನ್ನು ಗ್ರಾಮಸಭೆಗಳ ಮಟ್ಟದಿಂದ ಚರ್ಚಿಸಿ ಗುರುತಿಸಬೇಕೆಂದು ಅದು ಹೇಳಿತು. ಆ ಕೊನೆಯ ಮಾತು ಊರೂರಿಗೆ ತಲುಪಲೇ ಇಲ್ಲ. ಜನರ ಕಿವಿಗೆ ಬಿದ್ದದ್ದು ನಿಷೇಧಗಳ ಪಟ್ಟಿ ಮಾತ್ರ.

ರಾಜ್ಯಗಳು ವಿರೋಧಿಸಿದವು. 2012ರ ಆಗಸ್ಟ್ 17ರಂದು ಕೆ. ಕಸ್ತೂರಿರಂಗನ್ ನೇತೃತ್ವದ ಎರಡನೇ ಸಮಿತಿ ಬಂತು. ಮೊದಲ ವರದಿಯನ್ನು ರಾಜ್ಯಗಳ ಆಕ್ಷೇಪಣೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಅದರ ಕೆಲಸವಾಗಿತ್ತು. 2013ರ ಏಪ್ರಿಲ್ 15ಕ್ಕೆ ವರದಿ ಕೊಟ್ಟ ಅದು, ಘಟ್ಟದ ಶೇ 37ರಷ್ಟನ್ನು, ಅಂದರೆ ಸುಮಾರು 60,000 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, 1,576 ಗ್ರಾಮಗಳು. ಅವುಗಳಲ್ಲಿ 55 ಕೊಡಗಿನವು.

ಸಮಿತಿಯ ಆದೇಶದಲ್ಲಿ ಕಾರ್ಯವ್ಯಾಪ್ತಿ ಹೇಗೆ ಬರೆದಿದೆ ಎಂಬುದನ್ನು ಯಾವತ್ತೂ ಮೊದಲು ಓದಬೇಕು. ‘ಅಧ್ಯಯನ ಮಾಡಿ, ಗಡಿ ಗುರುತಿಸಿ’ ಎಂದರೆ ಒಂದು ಬಗೆಯ ವರದಿ ಬರುತ್ತದೆ. ‘ಹಿಂದಿನ ವರದಿಯನ್ನು ಆಕ್ಷೇಪಣೆಗಳೊಡನೆ ಪರಿಶೀಲಿಸಿ’ ಎಂದರೆ ಉತ್ತರ ಹಿಂದಿನದಕ್ಕಿಂತ ಸಡಿಲವಾಗಿರುವುದು ಬಹುಮಟ್ಟಿಗೆ ಆ ವಾಕ್ಯದಲ್ಲೇ ಅಡಗಿರುತ್ತದೆ.

ನಮ್ಮ ಗ್ರಾಮ ಪಟ್ಟಿಗೆ ಸೇರಿದ್ದು ಹೇಗೆ? ಕಾಫಿ ತೋಟವನ್ನು ಕಾಡೆಂದು ಎಣಿಸಿದ್ದಾರೆಯೇ?

ಎರಡೂ ಸಮಿತಿಗಳು ಬಳಸಿದ ಅಳತೆಗೋಲೇ ಬೇರೆಬೇರೆ. ಗಾಡ್ಗೀಳ್ ಸಮಿತಿ ನಕ್ಷೆಯನ್ನು ಸುಮಾರು 9 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿತ್ತು. ಅಂಥ ಒಂದು ಚೌಕದೊಳಗೆ ಹಲವು ಗ್ರಾಮಗಳೇ ಕೂತುಬಿಡುತ್ತವೆ. ಕಸ್ತೂರಿರಂಗನ್ ಸಮಿತಿ ಬಳಸಿದ ಉಪಗ್ರಹ ಚಿತ್ರದಲ್ಲಿ ಒಂದು ಚುಕ್ಕಿ ನೆಲದ ಮೇಲಿನ 24 ಮೀಟರ್ ಚೌಕಕ್ಕೆ ಸಮ, ಅಂದರೆ ಸುಮಾರು ಐದೂವರೆ ಗುಂಟೆ. ತೋಟ, ಗದ್ದೆ, ವಸತಿ ಇರುವ ಜಾಗವನ್ನು ‘ಸಾಂಸ್ಕೃತಿಕ ಭೂಭಾಗ’ ಎಂದೂ ಕಾಡು, ಹುಲ್ಲುಗಾವಲನ್ನು ‘ನೈಸರ್ಗಿಕ ಭೂಭಾಗ’ ಎಂದೂ ಅದು ಬೇರ್ಪಡಿಸಿತು.

ಕೊಡಗಿನ ಸಿಕ್ಕು ಇರುವುದು ಇಲ್ಲೇ. ಬಯಲುಸೀಮೆಯಲ್ಲಿ ಹೊಲ ಮತ್ತು ಕಾಡು ಮೇಲಿನಿಂದ ಬೇರೆಬೇರೆಯಾಗಿ ಕಾಣುತ್ತವೆ. ನಮ್ಮಲ್ಲಿ ಕಾಫಿ ಗಿಡ ಇರುವುದು ಹಲಸು, ನಂದಿ, ಬೀಟೆ, ಅತ್ತಿ ಮರಗಳ ನೆರಳಿನ ಕೆಳಗೆ. ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದು ನೆರಳಿನ ಮರದ ತಲೆ, ಕಾಫಿಯಲ್ಲ. ಸಿಲ್ವರ್ ಓಕ್ ಸಾಲಾಗಿ ನೆಟ್ಟ ತೋಟ ಗುರುತು ಸಿಗುತ್ತದೆ. ಹಳೆಯ ಕಾಡುಮರಗಳನ್ನು ಉಳಿಸಿಕೊಂಡ ತೋಟ, ಮರ ದಟ್ಟವಾಗಿರುವ ಬಾಣೆ ಮತ್ತು ಪಕ್ಕದ ದೇವರಕಾಡು ಒಂದರಂತೆ ಇನ್ನೊಂದು ಕಾಣಬಲ್ಲವು. ಮರ ಉಳಿಸಿಕೊಂಡವರ ಜಮೀನೇ ತಪ್ಪಾಗಿ ಎಣಿಕೆಗೆ ಸಿಗುವ ಸಂಭವ ಹೆಚ್ಚು. ಇದು ನ್ಯಾಯವಾದ ದೂರು, ಇದನ್ನು ಪರಿಸರ ವಿರೋಧ ಎಂದು ತಳ್ಳಿಹಾಕಬಾರದು.

ಇನ್ನು ನಿಯಮ. ಗ್ರಾಮದ ಒಟ್ಟು ವಿಸ್ತೀರ್ಣದಲ್ಲಿ ಸೂಕ್ಷ್ಮವೆಂದು ಗುರುತಿಸಿದ ನೈಸರ್ಗಿಕ ಭೂಭಾಗ ಶೇ 20 ಅಥವಾ ಹೆಚ್ಚಿದ್ದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಒಂದು ಲೆಕ್ಕ ಮಾಡಿ ನೋಡಿ. 1,000 ಹೆಕ್ಟೇರಿನ ಗ್ರಾಮದಲ್ಲಿ 210 ಹೆಕ್ಟೇರ್ ಕಾಡೆಂದು ಬಂದಿದೆ ಎನ್ನೋಣ. ಶೇ 21, ಗ್ರಾಮ ಒಳಗೆ. ಉಳಿದ 790 ಹೆಕ್ಟೇರ್ ತೋಟ, ಗದ್ದೆ, ಲೈನ್‌ಮನೆ ಎಲ್ಲವೂ ಅದರ ಜೊತೆಗೇ ಒಳಗೆ. ಈಗ ಸ್ಥಳಕ್ಕೆ ಹೋಗಿ ನೋಡಿದಾಗ ಆ 210ರಲ್ಲಿ 15 ಹೆಕ್ಟೇರ್ ನೆರಳಿನ ಕಾಫಿ ಎಂದು ಸಾಬೀತಾದರೆ ಉಳಿಯುವುದು 195, ಶೇ 19.5. ಗ್ರಾಮ ಹೊರಗೆ. 37 ಎಕರೆಯಷ್ಟು ತೋಟವನ್ನು ಸರಿಯಾಗಿ ಓದುವುದರ ಮೇಲೆ ಇಡೀ ಊರಿನ ಸ್ಥಿತಿ ನಿಂತಿರುತ್ತದೆ. ಅದೇ ಗ್ರಾಮದಲ್ಲಿ ಕಾಡು 500 ಹೆಕ್ಟೇರ್ ಇದ್ದರೆ 15 ಹೆಕ್ಟೇರಿನ ತಪ್ಪು ಏನನ್ನೂ ಬದಲಿಸದು. ಹಾಗಾಗಿ ನಿಮ್ಮ ಗ್ರಾಮದ ಶೇಕಡಾವಾರು ಎಷ್ಟು ಎಂದು ತಿಳಿಯದೆ ವಾದಕ್ಕಿಳಿಯುವುದು ವ್ಯರ್ಥ.

ಸಮಿತಿ ರಚಿಸುವುದೇ ಕಾಲ ತಳ್ಳುವುದಕ್ಕೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಕಾಲ ಎಲ್ಲಿ ಹೋಯಿತು ಎಂದು ದಿನಾಂಕ ಹಿಡಿದು ನೋಡಿದರೆ ತಪ್ಪು ಯಾರದೆಂದು ಗೊತ್ತಾಗುತ್ತದೆ.

ಗಾಡ್ಗೀಳ್ ಸಮಿತಿಗೆ ಹಿಡಿದದ್ದು ಹತ್ತಿರಹತ್ತಿರ 18 ತಿಂಗಳು. ಕಸ್ತೂರಿರಂಗನ್ ಸಮಿತಿಗೆ 8 ತಿಂಗಳು. ಆರು ರಾಜ್ಯಗಳಲ್ಲಿ ಹರಡಿದ ಬೆಟ್ಟಸಾಲಿನ ಅಧ್ಯಯನಕ್ಕೆ ಒಟ್ಟು 26 ತಿಂಗಳು ಹೆಚ್ಚೇನಲ್ಲ. ನಡುವೆ ಮೊದಲ ವರದಿ ಸಚಿವಾಲಯದ ಕಪಾಟಿನಲ್ಲೇ ಸುಮಾರು ಒಂಬತ್ತು ತಿಂಗಳು ಕುಳಿತಿತ್ತು. ಎರಡನೇ ವರದಿ ಕೈಸೇರಿದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು, 2024ರಲ್ಲಿ ಬಂದದ್ದೂ ಕರಡೇ. ಅಧ್ಯಯನದ ಒಂದು ತಿಂಗಳಿಗೆ ತೀರ್ಮಾನದ ಐದು ತಿಂಗಳು ಎಂಬ ಲೆಕ್ಕ ಇದು.

ಆಯೋಗಗಳಲ್ಲಿ ಚಿತ್ರ ಬೇರೆ. ಬಾಬರಿ ಮಸೀದಿ ಧ್ವಂಸದ ಕುರಿತ ಲಿಬರ್ಹಾನ್ ಆಯೋಗಕ್ಕೆ 1992ರ ಡಿಸೆಂಬರ್‌ನಲ್ಲಿ ಕೊಟ್ಟ ಅವಧಿ ಮೂರು ತಿಂಗಳು. ವರದಿ ಬಂದದ್ದು 2009ರ ಜೂನ್‌ನಲ್ಲಿ, 48 ಬಾರಿ ಅವಧಿ ವಿಸ್ತರಿಸಿದ ಮೇಲೆ. ಅಲ್ಲಿ ವಿಳಂಬ ವರದಿಗೆ ಮೊದಲು, ಇಲ್ಲಿ ವರದಿಯ ನಂತರ. ಎರಡಕ್ಕೂ ಮದ್ದು ಒಂದೇ ಅಲ್ಲ.

ವರದಿಯನ್ನು ಮುಚ್ಚಿಟ್ಟಿದ್ದರಂತೆ, ಹೊರಬಂದದ್ದು ಹೇಗೆ?

ಮಾಹಿತಿ ಹಕ್ಕಿನಿಂದ. ಗಾಡ್ಗೀಳ್ ವರದಿಯ ಪ್ರತಿ ಕೇಳಿದವರಿಗೆ ಸಚಿವಾಲಯ ಕೊಡಲಿಲ್ಲ. ಅದಿನ್ನೂ ಅಂತಿಮವಾಗಿಲ್ಲ, ಬಹಿರಂಗಪಡಿಸಿದರೆ ದೇಶದ ವೈಜ್ಞಾನಿಕ ಮತ್ತು ಆರ್ಥಿಕ ಹಿತಕ್ಕೆ ಧಕ್ಕೆ ಎಂಬ ವಾದ ಮುಂದಿಟ್ಟಿತು. ಕೇಂದ್ರ ಮಾಹಿತಿ ಆಯೋಗ 2012ರ ಏಪ್ರಿಲ್‌ನಲ್ಲಿ ಅದನ್ನು ಒಪ್ಪದೆ ವರದಿ ಪ್ರಕಟಿಸಲು ಆದೇಶಿಸಿತು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಗಿ ಸೋತಿತು. ಮೇ ತಿಂಗಳಲ್ಲಿ ವರದಿ ಜಾಲತಾಣಕ್ಕೆ ಬಂತು.

ಆ ಒಂಬತ್ತು ತಿಂಗಳಲ್ಲಿ ವದಂತಿ ಬೇರು ಬಿಟ್ಟಿತು. ತೋಟಕ್ಕೆ ಗೊಬ್ಬರ ಹಾಕುವಂತಿಲ್ಲ, ಮನೆಗೆ ಹೆಂಚು ಹೊದಿಸುವಂತಿಲ್ಲ, ಜಮ್ಮಾ ಹಕ್ಕು ಹೋಗುತ್ತದೆ ಎಂಬಂಥ ಮಾತನ್ನು ಅಲ್ಲಗಳೆಯಲು ಯಾರ ಕೈಯಲ್ಲೂ ಪುಟ ಇರಲಿಲ್ಲ. ವರದಿ ಸಲ್ಲಿಕೆಯಾದ ವಾರವೇ ಕನ್ನಡ ಸಾರಾಂಶದೊಡನೆ ಪ್ರಕಟವಾಗಿದ್ದರೆ ವಿರೋಧ ಇರುತ್ತಿರಲಿಲ್ಲ ಎನ್ನುವುದಿಲ್ಲ, ಆದರೆ ವಿರೋಧ ವರದಿಯಲ್ಲಿದ್ದ ಮಾತಿಗೆ ಇರುತ್ತಿತ್ತು.

ಕರಡು ಅಧಿಸೂಚನೆ ಆರು ಸಲ ಬಂದಿದ್ದೇಕೆ?

ಕರಡಿಗೆ ಆಯುಷ್ಯವಿದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ 5ನೇ ನಿಯಮದ ಪ್ರಕಾರ, ಕರಡು ಪ್ರಕಟವಾದ ಮೇಲೆ 60 ದಿನ ಆಕ್ಷೇಪಣೆಗೆ ಅವಕಾಶ. ಪ್ರಕಟವಾದಂದಿನಿಂದ ನಿಗದಿತ ದಿನಗಳೊಳಗೆ ಅಂತಿಮಗೊಳಿಸದಿದ್ದರೆ ಕರಡು ಬಿದ್ದುಹೋಗುತ್ತದೆ. ಮೊದಲ ಕರಡಿನ ಹೊತ್ತಿಗೆ ಆ ಮಿತಿ 545 ದಿನ ಇತ್ತು, ಮುಂದೆ 725 ಆಯಿತು.

ಮೊದಲ ಕರಡು 2014ರ ಮಾರ್ಚ್ 10ರದು. ಎರಡನೆಯದು 2015ರ ಸೆಪ್ಟೆಂಬರ್ 4ರದು. ನಡುವಿನ ದಿನ ಎಣಿಸಿ: 543. ಮೂರನೆಯದು 2017ರ ಫೆಬ್ರುವರಿ 27ಕ್ಕೆ ಬಂತು, 542ನೇ ದಿನ. ಗಡುವು ಮುಗಿಯಲು ಎರಡು ಮೂರು ದಿನವಿರುವಾಗ ಅದೇ ಕರಡಿಗೆ ಮತ್ತೆ ಉಸಿರು ತುಂಬಿದ್ದು ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕನೆಯದು 2018ರ ಅಕ್ಟೋಬರ್ 3, ಐದನೆಯದು 2022ರ ಜುಲೈ 6, ಆರನೆಯದು 2024ರ ಜುಲೈ 31. ಆರನೆಯದು ಹೊರಬಿದ್ದದ್ದು ವಯನಾಡಿನ ಭೂಕುಸಿತದ ಮರುದಿನ.

ಪ್ರತಿ ಸಲ ಹೊಸ ಕರಡು ಬಂದಾಗ ಆಕ್ಷೇಪಣೆಯ 60 ದಿನ ಮತ್ತೆ ಮೊದಲಿನಿಂದ ಶುರು. 2014ರಲ್ಲಿ ಅರ್ಜಿ ಕೊಟ್ಟಿದ್ದೇವೆ, ಸಾಕು ಎಂದು ಸುಮ್ಮನೆ ಕೂರಬೇಡಿ. ಹೊಸ ಕರಡಿಗೆ ಹೊಸದಾಗಿ ಸಲ್ಲಿಸಿ, ಹಳೆಯ ಅರ್ಜಿಯ ಪ್ರತಿಯನ್ನು ಲಗತ್ತಿಸಿ.

2022ರ ಏಪ್ರಿಲ್‌ನಲ್ಲಿ ಮೂರನೇ ಸಮಿತಿಯೂ ರಚನೆಯಾಯಿತು. ನಿವೃತ್ತ ಅರಣ್ಯಾಧಿಕಾರಿ ಸಂಜಯ್ ಕುಮಾರ್ ನೇತೃತ್ವದ ಅದರ ಕೆಲಸ ರಾಜ್ಯಗಳ ಆಕ್ಷೇಪಣೆಗಳನ್ನು ಮತ್ತೊಮ್ಮೆ ಪರಿಶೀಲಿಸುವುದು. ಒಂದು ವರ್ಷಕ್ಕೆಂದು ರಚನೆಯಾದ ಅದಕ್ಕೂ ಅವಧಿ ವಿಸ್ತರಣೆ ಸಿಕ್ಕಿತು.

ಅಂತಿಮ ಅಧಿಸೂಚನೆ ಬರುವವರೆಗೆ ಯಾವ ನಿರ್ಬಂಧವೂ ಇಲ್ಲವೇ?

ಇದೆ. 2013ರ ನವೆಂಬರ್ 13ರಂದು ಸಚಿವಾಲಯ ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಡಿ ನೇರ ನಿರ್ದೇಶನ ಹೊರಡಿಸಿತು. ಗಣಿ, ಕಲ್ಲುಕ್ವಾರಿ ಮತ್ತು ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮೇಲಿನ ಕಟ್ಟಡ, 50 ಹೆಕ್ಟೇರ್ ಮೇಲಿನ ಬಡಾವಣೆ, ಹೆಚ್ಚು ಮಾಲಿನ್ಯದ ‘ಕೆಂಪು ವರ್ಗ’ದ ಕೈಗಾರಿಕೆ ಇವುಗಳ ಹೊಸ ಯೋಜನೆಗಳಿಗೆ ಅಂದಿನಿಂದಲೇ ತಡೆ. ವ್ಯವಸಾಯಕ್ಕೆ, ತೋಟಕ್ಕೆ, ಜಮೀನಿನ ಮಾಲೀಕತ್ವ ಬದಲಾವಣೆಗೆ ಕರಡಿನಲ್ಲಿ ನಿಷೇಧ ಇಲ್ಲ. ಇರುವ ಮನೆಯ ದುರಸ್ತಿಗೂ ಇಲ್ಲ.

ಹಾಗಾಗಿ ‘ತಡವಾದಷ್ಟೂ ನಮಗೆ ಒಳ್ಳೆಯದು’ ಎಂಬ ಎಣಿಕೆ ತಪ್ಪು. ನಿಷೇಧದ ಭಾಗ ಆಗಲೇ ಜಾರಿಯಲ್ಲಿದೆ. ಬಾಕಿ ಉಳಿದಿರುವುದು ಗಡಿಯ ತಿದ್ದುಪಡಿ.

ಅಧಿಸೂಚನೆ ಬೇಗ ಆಗಿದ್ದರೆ 2018ರ ಭೂಕುಸಿತ ತಪ್ಪುತ್ತಿತ್ತೇ?

ಹೌದು ಎಂದು ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟ ಜಾರಿದ್ದಕ್ಕೆ ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆ ಒಂದು ಕಾರಣ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಎಂದು ಇಳಿಜಾರನ್ನು ನೆಟ್ಟಗೆ ಕಡಿದು, ನೀರು ಹರಿಯುವ ದಾರಿ ಮುಚ್ಚಿದ್ದು ಇನ್ನೊಂದು. ಜೆಸಿಬಿ ಇಟ್ಟು ಬರೆ ಕಡಿದಾಗ ಮೇಲಿನ ಮಣ್ಣಿಗೆ ಬುಡದ ಆಧಾರ ಹೋಗುತ್ತದೆ. ಮೇಲೆ ಹಿಂಗಿದ ನೀರು ಗಟ್ಟಿ ಪದರ ಸಿಕ್ಕಲ್ಲಿ ನಿಂತು ಮಣ್ಣನ್ನು ಜಾರಿಸುತ್ತದೆ.

ಕರಡಿನ ನಿಷೇಧ ಇಂಥ ಕೆಲಸವನ್ನು ಮುಟ್ಟುವುದೇ ಇಲ್ಲ. 20,000 ಚದರ ಮೀಟರ್ ಎಂದರೆ ಸುಮಾರು ಐದು ಎಕರೆ. ಇಳಿಜಾರು ಕಡಿದು ಕಟ್ಟುವ 300 ಚದರ ಮೀಟರಿನ ಹೋಂಸ್ಟೇ ಆ ಲೆಕ್ಕಕ್ಕೆ ಬರುವುದಿಲ್ಲ. ಅದರ ಕಡಿವಾಣ ಇರುವುದು ಜಿಲ್ಲಾಧಿಕಾರಿಯ ಭೂಪರಿವರ್ತನೆ ಆದೇಶದಲ್ಲಿ ಮತ್ತು ಪಂಚಾಯಿತಿಯ ಕಟ್ಟಡ ಪರವಾನಗಿಯಲ್ಲಿ. ಇಳಿಜಾರಿನ ಬಗ್ಗೆ ಮಾತಾಡಿದ್ದು ಗಾಡ್ಗೀಳ್ ವರದಿ. ಶೇ 30ಕ್ಕಿಂತ ಕಡಿದಾದ ಕಡೆ ವಾರ್ಷಿಕ ಬೆಳೆ ಬೇಡ ಎಂದಿತ್ತು. ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಮೂವತ್ತು ಅಡಿ ಏರುವ ಜಾಗ. ವರದಿ ಕೈಯಿಂದ ಕೈಗೆ ದಾಟುತ್ತಾ ಬಂದಂತೆ, ಕೊಡಗಿಗೆ ಹೆಚ್ಚು ಬೇಕಾಗಿದ್ದ ಇಂಥ ಸಣ್ಣ ಸೂಚನೆಗಳು ಉದುರಿ, ನಮ್ಮಲ್ಲಿ ಅಪರೂಪವಾದ ದೊಡ್ಡ ಯೋಜನೆಗಳ ನಿಷೇಧ ಉಳಿಯಿತು. ವಿಳಂಬಕ್ಕಿಂತ ಇದೇ ನಮಗೆ ಹೆಚ್ಚು ಬೇಸರದ ಸಂಗತಿ.

ಬೇಗ ಕೆಲಸ ಮುಗಿಸಿದ ಆಯೋಗ ಒಂದಾದರೂ ಇದೆಯೇ?

ಕೊಡಗಿನ ಇತಿಹಾಸದಲ್ಲೇ ಇದೆ. ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾದದ್ದು 1953ರ ಡಿಸೆಂಬರ್ ಕೊನೆಯಲ್ಲಿ, ಫಜಲ್ ಅಲಿ ಅಧ್ಯಕ್ಷತೆಯಲ್ಲಿ. ವರದಿ 1955ರ ಸೆಪ್ಟೆಂಬರ್ 30ಕ್ಕೆ. 1956ರ ನವೆಂಬರ್ 1ಕ್ಕೆ ಪ್ರತ್ಯೇಕ ‘ಸಿ’ ದರ್ಜೆಯ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದೊಳಗೆ ಸೇರಿಹೋಗಿತ್ತು. ನೇಮಕದಿಂದ ಜಾರಿಗೆ ಮೂರು ವರ್ಷವೂ ಹಿಡಿಯಲಿಲ್ಲ.

ಅಲ್ಲಿ ತೀರ್ಮಾನ ಸಂಸತ್ತಿನ ಒಂದೇ ಕಾಯ್ದೆಯಿಂದ ಆಗುವಂತಿತ್ತು, ರಾಜ್ಯಗಳ ಅಭಿಪ್ರಾಯ ಕೇಳಬೇಕಿತ್ತೇ ಹೊರತು ಒಪ್ಪಿಗೆ ಬೇಕಿರಲಿಲ್ಲ. ಘಟ್ಟದ ವಿಷಯದಲ್ಲಿ ಅಧಿಸೂಚನೆ ಕೇಂದ್ರದ್ದು, ಆದರೆ ಭೂದಾಖಲೆ, ಸ್ಥಳ ಪರಿಶೀಲನೆ, ಜಾರಿ ಎಲ್ಲವೂ ರಾಜ್ಯದ ಕೈಯಲ್ಲಿ. ಬೇಗ ಆದದ್ದೆಲ್ಲ ಎಲ್ಲರಿಗೂ ಸಮ್ಮತವಾಗಿತ್ತು ಎಂದೂ ತಿಳಿಯಬೇಡಿ. ಆ ವಿಲೀನದ ಬಗ್ಗೆ ಕೊಡಗಿನಲ್ಲಿ ಇಂದಿಗೂ ಬೇರೆ ಮಾತು ಕೇಳಿಬರುತ್ತದೆ.

ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತಲ್ಲ, ಅಲ್ಲಿಗೆ ಮುಗಿಯಿತೇ?

ಇಲ್ಲ. ಅದು ರಾಜ್ಯದ ನಿಲುವು. ಕರಡು ಹೊರಡಿಸಿದ್ದು ಕೇಂದ್ರ, ಹಿಂತೆಗೆಯಬೇಕಾದದ್ದೂ ಕೇಂದ್ರ.

ಕೇರಳ ಮಾಡಿದ್ದನ್ನು ಇಲ್ಲಿ ನೋಡಬೇಕು. ಅದು 2013ರಲ್ಲಿ ಉಮ್ಮನ್ ವಿ. ಉಮ್ಮನ್ ನೇತೃತ್ವದ ತನ್ನದೇ ಸಮಿತಿ ರಚಿಸಿ, ತೋಟ ಮತ್ತು ವಸತಿ ಪ್ರದೇಶಗಳನ್ನು ಪರಿಶೀಲಿಸಿ ತನ್ನ ಲೆಕ್ಕವನ್ನು ಕೇಂದ್ರಕ್ಕೆ ಕಳುಹಿಸಿತು. 2014ರ ಮೊದಲ ಕರಡಿನಲ್ಲೇ ಕೇರಳದ ಪಾಲು 13,108ರಿಂದ 9,993.7 ಚದರ ಕಿಲೋಮೀಟರಿಗೆ ಇಳಿಯಿತು. ಕರ್ನಾಟಕದ 20,668 ಆರೂ ಕರಡುಗಳಲ್ಲಿ ಹಾಗೇ ಉಳಿಯಿತು. ‘ಒಪ್ಪುವುದಿಲ್ಲ’ ಎಂಬ ನಿರ್ಣಯಕ್ಕೆ ನಕ್ಷೆಯ ಗೆರೆ ಜರುಗುವುದಿಲ್ಲ. ಸರ್ವೆ ನಂಬರ್ ಸಮೇತದ ಲೆಕ್ಕಕ್ಕೆ ಜರುಗೀತು.

ನಮ್ಮ ಗ್ರಾಮದಿಂದ ಪರಿಣಾಮಕಾರಿಯಾದ ಆಕ್ಷೇಪಣೆ ಬರೆಯುವುದು ಹೇಗೆ?

ಮೊದಲು ಕರಡಿನ ಅನುಬಂಧದಲ್ಲಿ ಗ್ರಾಮದ ಹೆಸರು ಹುಡುಕಿ. ಮೂಲ ಪಟ್ಟಿ ತಯಾರಾದದ್ದು ಕೊಡಗಿನಲ್ಲಿ ಮೂರೇ ತಾಲ್ಲೂಕು ಇದ್ದಾಗ. ಪೊನ್ನಂಪೇಟೆ ಕಡೆಯವರು ವಿರಾಜಪೇಟೆಯಡಿ, ಕುಶಾಲನಗರ ಕಡೆಯವರು ಸೋಮವಾರಪೇಟೆಯಡಿಯೂ ನೋಡಬೇಕು.

ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ಗ್ರಾಮದ ಒಟ್ಟು ವಿಸ್ತೀರ್ಣ, ಅದರಲ್ಲಿ ನೈಸರ್ಗಿಕವೆಂದು ಎಣಿಸಿದ ವಿಸ್ತೀರ್ಣ, ಗ್ರಾಮದ ಗಡಿ ಹಾಕಿದ ಉಪಗ್ರಹ ನಕ್ಷೆ ಈ ಮೂರನ್ನು ಕೇಳಿ. ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಆಕ್ಷೇಪಣೆಗೆ ಇರುವುದೇ 60 ದಿನ, ಆದ್ದರಿಂದ ಈ ಅರ್ಜಿಯನ್ನು ಕರಡು ಬರುವ ಮೊದಲೇ ಹಾಕಿಡುವುದು ಜಾಣತನ.

ನಕ್ಷೆಯಲ್ಲಿ ಕಾಡೆಂದು ತೋರಿಸಿರುವ ಜಾಗಕ್ಕೆ ಕಂದಾಯ ಗ್ರಾಮನಕ್ಷೆ ಹಿಡಿದು ಹೋಗಿ. ಪ್ರತಿ ತುಂಡಿಗೂ ಸರ್ವೆ ನಂಬರ್, ಪಹಣಿಯಲ್ಲಿ ನಮೂದಾದ ಬೆಳೆ, ಎಕರೆ-ಗುಂಟೆ ಬರೆದುಕೊಂಡು, ನೆರಳಿನ ಕೆಳಗಿನ ಕಾಫಿ ಕಾಣುವಂತೆ, ಅಕ್ಷಾಂಶ ರೇಖಾಂಶ ದಾಖಲಾಗುವಂತೆ ಫೋಟೊ ತೆಗೆಯಿರಿ. ಬಾಣೆ ಜಮೀನಿನಲ್ಲಿ ಎಡವುವವರು ಹೆಚ್ಚು. ಪಹಣಿಯಲ್ಲಿ ಬಾಣೆ ಎಂದಷ್ಟೇ ಇದ್ದು ಒಳಗೆ ಐವತ್ತು ವರ್ಷದ ಕಾಫಿ ಇದ್ದರೂ, ದಾಖಲೆ ಕೃಷಿಯನ್ನು ತೋರಿಸುವುದಿಲ್ಲ. ಅಂಥ ಕಡೆ ಬೆಳೆ ಕಾಲಂ ತಿದ್ದಿಸಲು ಮೊದಲು ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿಯನ್ನೂ ಸೇರಿಸಿ.

ನಿಜವಾದ ಕಾಡನ್ನು, ದೇವರಕಾಡನ್ನು ತೋಟವೆಂದು ಬರೆಯಬೇಡಿ. ಒಂದು ಸರ್ವೆ ನಂಬರ್ ಸುಳ್ಳೆಂದು ತೋರಿದರೆ ಉಳಿದ ಮೂವತ್ತರ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೊನೆಯಲ್ಲಿ ಎರಡು ಸಾಲಿನ ಲೆಕ್ಕ ಇರಲಿ: ನೀವು ಎಣಿಸಿದ್ದು ಇಷ್ಟು, ಶೇಕಡಾ ಇಷ್ಟು, ಸ್ಥಳದಲ್ಲಿ ಇರುವುದು ಇಷ್ಟು, ಶೇಕಡಾ ಇಷ್ಟು. ಅದಕ್ಕೆ ಗ್ರಾಮಸಭೆಯ ನಿರ್ಣಯದ ದೃಢೀಕೃತ ಪ್ರತಿ ಲಗತ್ತಿಸಿ, ಕರಡಿನಲ್ಲೇ ಕೊಟ್ಟಿರುವ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಹೋಗಲಿ, ಅಲ್ಲಿಯ ಮುದ್ರೆಯೊತ್ತಿದ ಸ್ವೀಕೃತಿಯನ್ನು ಪಂಚಾಯಿತಿ ಕಡತದಲ್ಲಿ ಇಡಿಸಿ. ಮುಂದಿನ ಕರಡು ಬರುವಷ್ಟರಲ್ಲಿ ಪಂಚಾಯಿತಿ ಸದಸ್ಯರೂ ಪಿಡಿಒ ಅವರೂ ಬದಲಾಗಿರಬಹುದು.